ಹೊಸ ಮನೆಯ ಬಾಗಿಲಲ್ಲಿ ‘ಶಲೋಮ್’ ಫಲಕ ಹಾಕಬಹುದೇ?

ಪ್ರಶ್ನೆ: ಹೋದ ತಿಂಗಳು ಜೆ.ಪಿ. ನಗರದ ನಮ್ಮ ಹೊಸ ಫ್ಲಾಟಿನ ಗೃಹಪ್ರವೇಶ ಆಯಿತು. ನನ್ನ ಮಗನ ಆಫೀಸಿನ ಹಿರಿಯ ಅಧಿಕಾರಿಯೊಬ್ಬರು ಬಂದಿದ್ದರು, ಇಸ್ರೇಲಿನವರು. ಹೊಸ್ತಿಲ ಹತ್ತಿರ ನಿಂತು ‘ಶಲೋಮ್’ ಅಂದರು. ಹೋಗುವಾಗಲೂ ಅದನ್ನೇ ಅಂದರು. ಆ ಪದವನ್ನು ಅವರ ಲಿಪಿಯಲ್ಲಿ ಬರೆದಿರುವ ಒಂದು ಪಿಂಗಾಣಿ ಫಲಕವನ್ನು ಬಾಗಿಲ ಹತ್ತಿರ ಹಾಕಿ ಎಂದು ಕೊಟ್ಟರು. ಮಾವಿನ ತೋರಣದ ಪಕ್ಕ ಬೇರೆ ಮತದ ಮಂತ್ರ ಬೇಡ ಎಂದು ನಮ್ಮ ಅತ್ತೆ ಹೇಳುತ್ತಾರೆ. ಮಗ ‘ಅದು ಮಂತ್ರ ಅಲ್ಲ, ಹಲೋ, ಬೈ ಅಂದ ಹಾಗೆ ಅಷ್ಟೇ’ ಅನ್ನುತ್ತಾನೆ. ಹಾಕಿದರೆ ದೋಷವಿದೆಯೇ?

ಇನ್ನೊಂದು ವಿಷಯ. ಅದೇ ದಿನ ನಮ್ಮ ಭಾವನವರು ಬಂದು, ಊಟ ಮಾಡಿ, ಯಾರಿಗೂ ಹೇಳದೆ ಹೊರಟುಹೋದರು. ಬನಶಂಕರಿಯ ಹಿರಿಯರ ಮನೆ ಮಾರಿದಾಗ ಅವರ ಪಾಲಿನಲ್ಲಿ 2 ಲಕ್ಷ ರೂಪಾಯಿಯನ್ನು ಅತ್ತೆಯವರ ಮಂಡಿ ಆಪರೇಷನ್ನಿಗೆಂದು ನಾವು ಇಟ್ಟುಕೊಂಡೆವು. ಎಲ್ಲ ಮುಗಿದ ಮೇಲೆ 70 ಸಾವಿರ ಉಳಿಯಿತು. ಲೆಕ್ಕ ಕೊಡುವುದು ಹಾಗೇ ನಿಂತುಹೋಯಿತು. ಮೂರು ವರ್ಷದಿಂದ ಮಾತಿಲ್ಲ. ಮನೆಯಲ್ಲಿ ಶಾಂತಿ ಇಲ್ಲ. ಒಂದು ಶಾಂತಿ ಹೋಮ ಮಾಡಿಸಿದರೆ ಸರಿಹೋಗುತ್ತದೆಯೇ? ದಯವಿಟ್ಟು ತಿಳಿಸಿ.
– ಒಬ್ಬ ಗೃಹಿಣಿ, ಜೆ.ಪಿ. ನಗರ

ಉತ್ತರ: ತಾಯಿ, ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಒಂದು ಫಲಕದ್ದು, ಇನ್ನೊಂದು ಹೋಮದ್ದು. ಅವೆರಡಕ್ಕೂ ಸಂಬಂಧವಿಲ್ಲ ಅಂದುಕೊಂಡೇ ಬರೆದಿದ್ದೀರಿ. ಆದರೆ ಆ ಪದದ ಅರ್ಥ ಬಿಡಿಸುತ್ತಾ ಹೋದರೆ ಎರಡಕ್ಕೂ ಒಂದೇ ಉತ್ತರ ಸಿಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಓದಿದ್ದು ವೇದ ಪಾಠಶಾಲೆಯಲ್ಲಿ. ಹೀಬ್ರೂ ಭಾಷೆ ನನಗೆ ಬರುವುದಿಲ್ಲ. ನಿಮ್ಮ ಪ್ರಶ್ನೆ ಬಂದ ಮೇಲೆ ಆ ಭಾಷೆ ಬಲ್ಲವರನ್ನು ಕೇಳಿ, ಅವರ ಧರ್ಮಗ್ರಂಥದ ಅನುವಾದವನ್ನು ಎದುರಿಗಿಟ್ಟುಕೊಂಡು ತಿಳಿದುಕೊಂಡಿದ್ದನ್ನು ಬರೆಯುತ್ತಿದ್ದೇನೆ.

ನಿಮ್ಮ ಮಗ ಹೇಳಿದ್ದು ಪೂರ್ತಿ ತಪ್ಪಲ್ಲ. ಇಂದಿನ ಹೀಬ್ರೂ ಮಾತಿನಲ್ಲಿ ಬಂದಾಗಲೂ ‘ಶಲೋಮ್’, ಹೋಗುವಾಗಲೂ ‘ಶಲೋಮ್’. ಆದರೆ ನಾವು ‘ನಮಸ್ಕಾರ’ ಅಂದಾಗ ಅದು ಬರೀ ಹಲೋ ಆಗುತ್ತದೆಯೇ? ಬಾಯಿ ರೂಢಿಯಿಂದ ಅಂದುಬಿಡುತ್ತದೆ, ಪದದೊಳಗೆ ಅರ್ಥ ಕೂತಿರುತ್ತದೆ. ಇದೂ ಹಾಗೇ.

ಸಾಮಾನ್ಯವಾಗಿ ಎಲ್ಲರೂ ಶಲೋಮ್ ಅಂದರೆ ಶಾಂತಿ ಎಂದು ಹೇಳುತ್ತಾರೆ. ಎರಡೂ ‘ಶ’ಕಾರದಿಂದ ಶುರುವಾಗುವುದರಿಂದ ಮೂಲವೂ ಒಂದೇ ಎನ್ನುವವರಿದ್ದಾರೆ. ಅದು ಸರಿಯಲ್ಲ. ನಮ್ಮ ಶಾಂತಿ ‘ಶಮ್’ ಧಾತುವಿನಿಂದ ಬಂದದ್ದು. ಶಮನ, ಉಪಶಮನ ಅಂತೀವಲ್ಲ, ಅದೇ. ಎದ್ದದ್ದು ಅಡಗುವುದು, ಕುದಿಯುವುದು ತಣ್ಣಗಾಗುವುದು ಎಂಬುದು ಅದರ ಒಳ ಅರ್ಥ. ಶಲೋಮ್ ಪದದ ಮೂಲದಲ್ಲಿ ಮೂರು ವ್ಯಂಜನಗಳಿವೆ, ಶ, ಲ, ಮ. ಅರಬ್ಬಿಯ ‘ಸಲಾಂ’ ಕೂಡ ಈ ಮೂಲದ ಬಳಗದ್ದೇ. ಹೀಬ್ರೂವಿನಲ್ಲಿ ‘ಶಲೇಮ್’ ಅಂದರೆ ಇಡಿಯಾಗಿರುವುದು, ಮುಕ್ಕಾಗದಿರುವುದು, ಕೊರತೆ ಇಲ್ಲದಿರುವುದು. ಆದ್ದರಿಂದ ಶಲೋಮ್ ಎಂದರೆ ಗಲಾಟೆ ನಿಲ್ಲುವುದಷ್ಟೇ ಅಲ್ಲ, ಕಡಿಮೆಯಾಗಿದ್ದದ್ದು ತುಂಬಿಕೊಳ್ಳುವುದು. ನಮ್ಮಲ್ಲಿ ಇದಕ್ಕೆ ಹತ್ತಿರದ ಮಾತು ಹುಡುಕಿದರೆ ಶಾಂತಿಗಿಂತ ‘ಸ್ವಸ್ತಿ’ ಹತ್ತಿರ. ಸು ಮತ್ತು ಅಸ್ತಿ, ಅಂದರೆ ಚೆನ್ನಾಗಿರುವಿಕೆ. ನಿಮ್ಮ ಗೃಹಪ್ರವೇಶದಲ್ಲಿ ಪುಣ್ಯಾಹವಾಚನ ಮಾಡಿದಾಗ ಪುರೋಹಿತರಿಂದ ಕೇಳಿ ಹೇಳಿಸಿಕೊಂಡಿರಲ್ಲ, ಆ ಸ್ವಸ್ತಿ. ಕುಶಲ, ಕ್ಷೇಮ, ಆರೋಗ್ಯ ಎಂದು ನಾವು ಬಿಡಿಬಿಡಿಯಾಗಿ ಕೇಳುವುದೆಲ್ಲ ಆ ಒಂದು ಪದದೊಳಗೆ ಬರುತ್ತದೆ.

ಯೆಹೂದ್ಯರ ಧರ್ಮಗ್ರಂಥದಲ್ಲಿ ಯಾಕೋಬ ಎಂಬ ಮುದುಕನ ಕಥೆ ಇದೆ. ಅವನಿಗೆ ಹನ್ನೆರಡು ಗಂಡುಮಕ್ಕಳು. ಯೋಸೇಫ ಎಂಬ ಮಗನ ಮೇಲೆ ಅಪ್ಪನಿಗೆ ಹೆಚ್ಚು ಮಮತೆ, ಅವನಿಗೊಂದು ವಿಶೇಷವಾದ ಅಂಗಿ ಬೇರೆ ಮಾಡಿಸಿಕೊಟ್ಟಿದ್ದ. ಅದನ್ನು ನೋಡಿ ಅಣ್ಣಂದಿರು ಯೋಸೇಫನನ್ನು ದ್ವೇಷಿಸಿದರು. ಅವರ ಬಾಯಲ್ಲಿ ಅವನ ಜೊತೆ ‘ಶಲೋಮ್’ನ ಮಾತು ಬರುತ್ತಲೇ ಇರಲಿಲ್ಲ ಎಂದು ಗ್ರಂಥ ಹೇಳುತ್ತದೆ. ಒಂದು ದಿನ ಅಣ್ಣಂದಿರು ಕುರಿ ಮೇಯಿಸಲು ದೂರ ಹೋದಾಗ ಅಪ್ಪ ಯೋಸೇಫನನ್ನು ಕರೆದು, ಅಣ್ಣಂದಿರ ಶಲೋಮ್ ಹೇಗಿದೆ, ಕುರಿಗಳ ಶಲೋಮ್ ಹೇಗಿದೆ, ನೋಡಿಕೊಂಡು ಬಾ ಎಂದು ಕಳಿಸುತ್ತಾನೆ.

ಇಲ್ಲಿ ಸ್ವಲ್ಪ ನಿಲ್ಲಿ. ಕುರಿಗೆ ಎಂಥ ಮನಶ್ಶಾಂತಿ? ನಮ್ಮ ಅಜ್ಜಂದಿರು ಊರಿಂದ ಬಂದವರನ್ನು ‘ಮಕ್ಕಳು ಮರಿ, ದನ ಕರ ಎಲ್ಲ ಚೆನ್ನಾಗಿದಾವಾ?’ ಎಂದು ಕೇಳುತ್ತಿದ್ದರಲ್ಲ, ಆ ಕೇಳುವಿಕೆ ಇದು. ಎಲ್ಲ ಲೆಕ್ಕಕ್ಕೆ ಸಿಗುತ್ತಿವೆಯೇ, ಒಂದೂ ಕಳೆದಿಲ್ಲ ತಾನೇ ಎಂದು ಅರ್ಥ. ಅದೇ ಗ್ರಂಥದಲ್ಲಿ ಇನ್ನೊಂದು ಕಡೆ ದಾವೀದ ರಾಜ ರಣರಂಗದಿಂದ ಬಂದ ಸಿಪಾಯಿಯೊಬ್ಬನನ್ನು ‘ಯುದ್ಧದ ಶಲೋಮ್ ಹೇಗಿದೆ’ ಎಂದು ವಿಚಾರಿಸುತ್ತಾನೆ. ಶಲೋಮ್ ಬರೀ ಶಾಂತಿಯಾಗಿದ್ದರೆ ಆ ಪ್ರಶ್ನೆಗೆ ಅರ್ಥವೇ ಇರುತ್ತಿರಲಿಲ್ಲ. ಇವತ್ತಿಗೂ ಹೀಬ್ರೂವಿನಲ್ಲಿ ‘ಹೇಗಿದ್ದೀರಿ’ ಎನ್ನಲು ಗಂಡಸರನ್ನು ‘ಮಾ ಶ್ಲೋಮ್ಖಾ’ ಎಂದೂ ಹೆಂಗಸರನ್ನು ‘ಮಾ ಶ್ಲೋಮೇಖ್’ ಎಂದೂ ಕೇಳುತ್ತಾರೆ. ನಿಮ್ಮ ಶಲೋಮ್ ಏನು ಎಂಬುದೇ ಅದರ ಅಕ್ಷರಾರ್ಥ.

ಯೋಸೇಫ ಹೋದ. ಶಲೋಮ್ ವಿಚಾರಿಸಲು ಬಂದ ತಮ್ಮನನ್ನು ಅಣ್ಣಂದಿರು ಅಂಗಿ ಕಿತ್ತುಕೊಂಡು ಗುಂಡಿಗೆ ಹಾಕಿದರು. ಆಮೇಲೆ 20 ಬೆಳ್ಳಿ ನಾಣ್ಯಕ್ಕೆ ಅವನ ಮಾರಾಟವಾಯಿತು. ಅಣ್ಣತಮ್ಮಂದಿರ ನಡುವೆ ಮಾತು ಬಿಟ್ಟರೆ ಅದು ಮಾತಿಗೇ ನಿಲ್ಲುವುದಿಲ್ಲ ಎಂಬುದನ್ನು ಆ ಕಥೆ ನೋಡಿಕೊಂಡಿದೆ. ನಿಮ್ಮ ಭಾವನವರು ಹೇಳದೆ ಹೊರಟರು ಎಂದು ಬರೆದಿದ್ದೀರಲ್ಲ, ಆ ಸಾಲು ಓದಿದಾಗ ನನಗೆ ನೆನಪಾದದ್ದು ಇದೇ.

ಈಗ ಆ ಪದದ ಇನ್ನೊಂದು ಮುಖ ಹೇಳುತ್ತೇನೆ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ. ಅದೇ ಶ-ಲ-ಮ ಮೂಲದಿಂದ ಹೀಬ್ರೂವಿನಲ್ಲಿ ‘ಕೊಟ್ಟು ತೀರಿಸು’ ಎಂಬ ಕ್ರಿಯಾಪದ ಆಗುತ್ತದೆ. ‘ತಶ್ಲೂಮ್’ ಅಂದರೆ ಪಾವತಿ. ಇವತ್ತು ಇಸ್ರೇಲಿನ ಅಂಗಡಿಯಲ್ಲಿ ದುಡ್ಡು ಕೊಡುವುದಕ್ಕೂ ಅದೇ ಪದ. ಅವರ ಹಳೆಯ ಧರ್ಮಶಾಸ್ತ್ರದಲ್ಲಿ ಎತ್ತನ್ನು ಕದ್ದು ಕೊಯ್ದವನೋ ಮಾರಿದವನೋ ಒಂದಕ್ಕೆ ಐದು, ಕುರಿಯಾದರೆ ಒಂದಕ್ಕೆ ನಾಲ್ಕು ಕೊಡಬೇಕು ಎಂಬ ವಿಧಿಯಿದೆ. ಕೊಡಬೇಕು ಎನ್ನಲು ಅಲ್ಲಿ ಬಳಸಿರುವುದು ಇದೇ ಕ್ರಿಯಾಪದ. ಕದ್ದವನು ಕಣ್ಣೀರು ಹಾಕಿದ ಮಾತ್ರಕ್ಕೆ ಕಳೆದುಕೊಂಡವನ ಕೊಟ್ಟಿಗೆ ತುಂಬುವುದಿಲ್ಲ. ಎತ್ತು ಹೋದ ಜಾಗಕ್ಕೆ ಎತ್ತು ಬರಬೇಕು. ಆಗ ಅದು ಇಡಿಯಾಯಿತು, ಶಲೇಮ್ ಆಯಿತು. ಅದರ ಮೇಲೆ ಶಲೋಮ್ ಬರುತ್ತದೆ.

ನಮಗೆ ಇದು ಹೊಸ ಮಾತಲ್ಲ. ಋಣ ತೀರದೆ ಬಿಡುಗಡೆ ಇಲ್ಲ ಎಂದು ಹೇಳಿಕೊಂಡೇ ಬೆಳೆದವರು ನಾವು. ಆದರೆ ನಲವತ್ತು ವರ್ಷ ಪೌರೋಹಿತ್ಯ ಮಾಡಿದ ಮೇಲೆ ಒಂದು ಮಾತು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕು. ದೇವಋಣ, ಋಷಿಋಣ, ಪಿತೃಋಣದ ಬಗ್ಗೆ ನಾವು ಗಂಟೆಗಟ್ಟಲೆ ಮಾತಾಡುತ್ತೇವೆ. ಕೈಸಾಲದ ಬಗ್ಗೆ ಯಜಮಾನರನ್ನು ಕೇಳಲು ಸಂಕೋಚ. ಜಾತಕದಲ್ಲಿ ಕುಜ ಎಲ್ಲಿದ್ದಾನೆ ಎಂದು ನೋಡುತ್ತೇವೆ, ಅಣ್ಣನ ಪಾಲು ಎಲ್ಲಿದೆ ಎಂದು ಕೇಳುವುದಿಲ್ಲ. ಗ್ರಹಶಾಂತಿ ಮಾಡಿಸಿ ದಕ್ಷಿಣೆ ತೆಗೆದುಕೊಂಡು ಬಂದ ಮನೆಯಲ್ಲೇ ಆರು ತಿಂಗಳಿಗೆ ಮತ್ತೆ ಅದೇ ಜಗಳ ಎದ್ದಿದ್ದನ್ನು ನಾನು ನೋಡಿದ್ದೇನೆ. ಮಂತ್ರದ ದೋಷವಲ್ಲ ಅದು. ಕುದಿಯುವ ಪಾತ್ರೆಗೆ ಮೇಲಿಂದ ತಣ್ಣೀರು ಚಿಮುಕಿಸಿದೆವು, ಕೆಳಗಿನ ಒಲೆ ಆರಿಸಲಿಲ್ಲ.

ಯೆಹೂದ್ಯರಿಗೆ ವರ್ಷದಲ್ಲಿ ಒಂದು ಮಹಾ ಉಪವಾಸದ ದಿನವಿದೆ, ಯೋಮ್ ಕಿಪ್ಪುರ್. ಸುಮಾರು 25 ಗಂಟೆ ನೀರೂ ಮುಟ್ಟದೆ ಪ್ರಾಯಶ್ಚಿತ್ತ ಮಾಡುತ್ತಾರೆ. ಅವರ ‘ಮಿಶ್ನಾ’ ಎಂಬ ಶಾಸ್ತ್ರಗ್ರಂಥ ಅದಕ್ಕೊಂದು ಮಿತಿ ಹಾಕಿದೆ. ದೇವರಿಗೆ ಮಾಡಿದ ತಪ್ಪನ್ನು ಆ ದಿನ ಕಳೆಯುತ್ತದೆ, ಮನುಷ್ಯರಿಗೆ ಮಾಡಿದ ತಪ್ಪನ್ನು ಆ ಮನುಷ್ಯರನ್ನು ಒಲಿಸಿಕೊಳ್ಳುವ ತನಕ ಕಳೆಯುವುದಿಲ್ಲ. ತಪ್ಪಿಗೊಳಗಾದವರು ಅಷ್ಟರಲ್ಲಿ ತೀರಿಕೊಂಡಿದ್ದರೆ ಹತ್ತು ಜನರನ್ನು ಕರೆದುಕೊಂಡು ಸಮಾಧಿಯ ಹತ್ತಿರ ಹೋಗಿ ಒಪ್ಪಿಕೊಳ್ಳಬೇಕು, ಹಣದ ಬಾಕಿಯಿದ್ದರೆ ವಾರಸುದಾರರಿಗೆ ತೀರಿಸಬೇಕು. ನಮ್ಮ ಮೈಸೂರು ರಸ್ತೆಯಲ್ಲೇ ಒಂದು ಯೆಹೂದ್ಯ ಸ್ಮಶಾನವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1904ರಲ್ಲಿ ಅವರಿಗೆ ಸಿಕ್ಕಿದ ಜಾಗ ಅದು. ದಿನಾ ಆ ದಾರಿಯಲ್ಲಿ ಬಸ್ಸಿನಲ್ಲಿ ಓಡಾಡುವ ಎಷ್ಟೋ ಜನಕ್ಕೆ ಅದು ಇರುವುದೇ ಗೊತ್ತಿಲ್ಲ. ಹತ್ತು ಜನರನ್ನು ಕಟ್ಟಿಕೊಂಡು ಕಲ್ಲಿನ ಮುಂದೆ ನಿಂತು ಹೇಳುವ ಮಾತನ್ನು ಒಬ್ಬರೇ ಹೋಗಿ ಬದುಕಿರುವ ಮನುಷ್ಯನ ಮುಂದೆ ಹೇಳುವುದು ಸುಲಭ, ಅಲ್ಲವೇ?

ಹೋಗುವಾಗಲೂ ಅದೇ ಪದ ಯಾಕೆ ಎಂಬ ಕುತೂಹಲ ನಿಮಗೆ ಬಂದಿರಬಹುದು. ಇದರಲ್ಲಿ ಒಂದು ಸೂಕ್ಷ್ಮವಿದೆ. ಬೀಳ್ಕೊಡುವಾಗ ಶಲೋಮ್ ಪದಕ್ಕೆ ಯಾವ ವಿಭಕ್ತಿ ಹಚ್ಚಬೇಕು ಎಂದು ಅವರ ಹಳೆಯ ಆಚಾರ್ಯರು ‘ತಾಲ್ಮುದ್’ ಗ್ರಂಥದಲ್ಲಿ ಚರ್ಚಿಸಿದ್ದಾರೆ. ಬದುಕಿರುವವರಿಗೆ ‘ಲೆ-ಶಲೋಮ್’ ಎನ್ನಬೇಕು, ಅಂದರೆ ಶಲೋಮಿನ ಕಡೆಗೆ ಹೋಗು. ‘ಬೆ-ಶಲೋಮ್’, ಅಂದರೆ ಶಲೋಮಿನಲ್ಲಿ ಹೋಗು ಎನ್ನುವುದು ತೀರಿಕೊಂಡವರಿಗೆ. ಕನ್ನಡದಲ್ಲಿ ಹೇಳುವುದಾದರೆ ಚತುರ್ಥಿಗೂ ಸಪ್ತಮಿಗೂ ಇರುವ ವ್ಯತ್ಯಾಸ. ಅದಕ್ಕೆ ಅವರು ಕೊಡುವ ನಿದರ್ಶನ ಎರಡು. ಮೋಶೆಗೆ ಅವನ ಮಾವ ಶಲೋಮಿನ ಕಡೆಗೆ ಹೋಗು ಎಂದು ಹರಸಿದ. ಮೋಶೆ ಏಳಿಗೆಯಾದ. ದಾವೀದ ರಾಜ ತನ್ನ ಮಗ ಅಬ್ಷಾಲೋಮನಿಗೆ ಶಲೋಮಿನಲ್ಲಿ ಹೋಗು ಎಂದ. ಆ ಮಗ ಅಪ್ಪನ ಮೇಲೆಯೇ ದಂಗೆ ಎದ್ದು, ಕೊನೆಗೆ ಮರದ ಕೊಂಬೆಗೆ ತಲೆ ಸಿಕ್ಕಿ ನೇತಾಡುತ್ತಿದ್ದಾಗ ಸತ್ತ. ಅಬ್ಷಾಲೋಮ್ ಎಂಬ ಹೆಸರಿನಲ್ಲೂ ಶಲೋಮ್ ಇದೆ ನೋಡಿ. ಹೆಸರಿನಲ್ಲಿದ್ದರೆ ಸಾಲದು.

ನಮ್ಮಲ್ಲಿಯೂ ಇದೇ ಸೂಕ್ಷ್ಮ ಇದೆ. ಹೊರಡುವಾಗ ‘ಹೋಗ್ತೀನಿ’ ಅಂದರೆ ಅಜ್ಜಿಯರು ಬೈಯುತ್ತಿದ್ದರು. ‘ಹೋಗಿ ಬರ್ತೀನಿ’ ಅನ್ನಬೇಕು. ಸಾವಿನ ಮನೆಯಿಂದ ಹೊರಡುವಾಗ ಮಾತ್ರ ‘ಬರ್ತೀನಿ’ ಅನ್ನದೆ ಎದ್ದು ಬರುತ್ತೇವೆ. ಬದುಕಿರುವವರ ನಡುವೆ ಯಾವುದೂ ಮುಗಿದಿಲ್ಲ, ಇನ್ನೂ ಬರುವುದಿದೆ, ತುಂಬುವುದಿದೆ ಎಂಬ ಭಾವನೆ ಎರಡು ಕಡೆಯೂ ಒಂದೇ. ಪೂರ್ತಿಯಾದದ್ದು ಸತ್ತವರ ಲೆಕ್ಕ ಮಾತ್ರ. ನಿಮ್ಮ ಭಾವನವರು ನಿಮ್ಮ ಮನೆಯಿಂದ ‘ಬರ್ತೀನಿ’ ಅನ್ನದೆ ಹೋದರು. ಶುಭಕಾರ್ಯದ ಮನೆಯಿಂದ ಸಾವಿನ ಮನೆಯಿಂದ ಹೋದ ಹಾಗೆ ಹೋದರು. ಆದರೂ ಬಂದಿದ್ದರಲ್ಲ ತಾಯಿ, ಉಂಡರಲ್ಲ. ಮೂರು ವರ್ಷ ಮಾತು ಬಿಟ್ಟವರು ತಮ್ಮನ ಮನೆಯ ಅನ್ನ ಉಂಡಿದ್ದಾರೆ ಅಂದರೆ ಬಾಗಿಲು ಪೂರ್ತಿ ಮುಚ್ಚಿಲ್ಲ.

ಹಾಗಾಗಿ ಹೋಮಕ್ಕೆ ಮುಂಚೆ ಮಾಡಬೇಕಾದ ಕೆಲಸ ಇದು. ಒಂದು ಹಾಳೆಯ ಮೇಲೆ ಲೆಕ್ಕ ಬರೆಯಿರಿ. ಇಟ್ಟುಕೊಂಡದ್ದು 2 ಲಕ್ಷ, ಆಸ್ಪತ್ರೆಗೆ ಕಟ್ಟಿದ್ದು ಎಷ್ಟು, ಔಷಧಿಗೆ ಎಷ್ಟು, ಉಳಿದದ್ದು 70 ಸಾವಿರ. ರಸೀದಿಗಳಿದ್ದರೆ ಜೊತೆಗಿಡಿ, ಇಲ್ಲದ್ದಕ್ಕೆ ಇಲ್ಲ ಎಂದೇ ಬರೆಯಿರಿ. ಎದುರಿನವರು ಸಾಮಾನ್ಯವಾಗಿ ಹಣ ಕಡಿಮೆಯಾಯಿತೆಂದು ಕೋಪ ಮಾಡಿಕೊಳ್ಳುವುದಕ್ಕಿಂತ, ತನ್ನನ್ನು ಕೇಳುವವರೇ ಇಲ್ಲ ಎಂದು ಕೋಪ ಮಾಡಿಕೊಂಡಿರುತ್ತಾರೆ. ನಿಮ್ಮ ಯಜಮಾನರು ಫೋನಿನಲ್ಲಿ ಕಳಿಸದೆ ತಾವೇ ಅಣ್ಣನ ಮನೆಗೆ ಹೋಗಿ, ತಾಂಬೂಲದ ತಟ್ಟೆಯಲ್ಲಿ ಲೆಕ್ಕದ ಹಾಳೆ ಮತ್ತು ಹಣ ಇಟ್ಟು, ‘ಅಣ್ಣಾ, ಇದು ನಿಂದು, ಕೊಡೋದು ತಡವಾಯ್ತು, ತಪ್ಪಾಯ್ತು’ ಎಂದು ಕೊಡಲಿ. ಇಷ್ಟೇ ಮಾತು ಸಾಕು. ಅಲ್ಲಿ ಕೂತು ‘ಆಪರೇಷನ್ ಸಮಯದಲ್ಲಿ ರಾತ್ರಿ ಕಾದವರು ನಾವು’ ಎಂದು ಶುರುಮಾಡಿದರೆ ಕೊಟ್ಟದ್ದೂ ಕೊಟ್ಟ ಹಾಗಾಗುವುದಿಲ್ಲ. ಸೇವೆಯ ಲೆಕ್ಕ ಬೇರೆ, ಹಣದ ಲೆಕ್ಕ ಬೇರೆ. ಸೇವೆಯ ಲೆಕ್ಕ ಅತ್ತೆಯವರಿಗೆ ಗೊತ್ತಿದೆ, ಮೇಲಿನವನಿಗೂ ಗೊತ್ತಿದೆ.

ಅವರು ಹಣ ಬೇಡ ಎಂದರೆ? ಎರಡು ಸಲ ಒತ್ತಾಯ ಮಾಡಿ, ಆಗಲೂ ಬೇಡವೆಂದರೆ ಅತ್ತೆಯವರ ಹೆಸರಿನಲ್ಲಿ ಬ್ಯಾಂಕಿನಲ್ಲಿಟ್ಟು, ಆ ಕಾಗದವನ್ನು ಅವರಿಗೂ ತೋರಿಸಿ. ಅವರು ಬಾಗಿಲಲ್ಲೇ ಬೈದು ಕಳಿಸಿದರೆ? ಹಾಳೆಯನ್ನು ಅಲ್ಲೇ ಬಿಟ್ಟು ಬನ್ನಿ. ಕೊಡುವುದು ನಿಮ್ಮ ಕೈಯಲ್ಲಿದೆ, ಒಲಿಯುವುದು ಅವರ ಕೈಯಲ್ಲಿದೆ. ಆಮೇಲೆ ಶಾಂತಿ ಹೋಮ ಮಾಡಿಸಿ, ಅಣ್ಣನ ಕುಟುಂಬವನ್ನೂ ಕರೆಯಿರಿ. ಆಗ ಹೋಮಕ್ಕೆ ಒಂದು ನೆಲ ಇರುತ್ತದೆ.

ಇನ್ನು ಫಲಕದ ವಿಷಯ. ಹಾಕಬಹುದು, ದೋಷವಿಲ್ಲ. ಮನೆಗೆ ಬಂದ ಅತಿಥಿ ಇಡಿಯಾಗಿರಿ ಎಂದು ಹರಸಿ ಕೊಟ್ಟದ್ದನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚುವುದೇ ದೋಷ. ಆದರೆ ಅತ್ತೆಯವರ ಮಾತಿನಲ್ಲೂ ಅರ್ಧ ಸತ್ಯವಿದೆ, ಮಗನಿಗೆ ಹೇಳಿ. ಅದು ಬರೀ ಹಲೋ ಪದ ಅಲ್ಲ. ಯೆಹೂದ್ಯ ಆಚಾರ್ಯರ ಪ್ರಕಾರ ಶಲೋಮ್ ದೇವರ ಹೆಸರುಗಳಲ್ಲಿ ಒಂದು. ಹಾಗಾಗಿ ಸ್ನಾನಗೃಹದಲ್ಲಿ ಒಬ್ಬರಿಗೊಬ್ಬರು ಶಲೋಮ್ ಹೇಳಬಾರದು ಎಂದು ಅವರಲ್ಲಿ ನಿಯಮವಿದೆ. ನಾವು ದೇವರ ಪಟಕ್ಕೆ ಕೊಡುವ ಮರ್ಯಾದೆಯನ್ನೇ ಇದಕ್ಕೂ ಕೊಡಿ. ಕಾಲಿಗೆ ತಗಲುವ ಎತ್ತರದಲ್ಲಿ, ಚಪ್ಪಲಿ ಸ್ಟ್ಯಾಂಡಿನ ಮೇಲೆ, ಬಚ್ಚಲ ಬಾಗಿಲಿನ ಎದುರು ಬೇಡ. ತೋರಣ, ರಂಗೋಲಿ, ಹೊಸ್ತಿಲ ಅರಿಶಿನ ಕುಂಕುಮ ಇವೆಲ್ಲ ಅವುಗಳ ಜಾಗದಲ್ಲಿರಲಿ. ಫಲಕ ಒಳಗೆ ಹಾಲಿನ ಗೋಡೆಯಲ್ಲಿ, ಬಂದವರ ಕಣ್ಣಿಗೆ ಬೀಳುವ ಎತ್ತರದಲ್ಲಿ ಇರಲಿ. ಅತ್ತೆಯವರಿಗೂ ಸಮಾಧಾನ, ಕೊಟ್ಟವರಿಗೂ ಗೌರವ. ದೇವರ ಮನೆಯೊಳಗೆ ಇಟ್ಟು ಪೂಜೆ ಮಾಡುವ ಅಗತ್ಯವಿಲ್ಲ. ಕೊಟ್ಟವರೂ ಅದನ್ನು ಇಷ್ಟಪಡುವುದಿಲ್ಲ, ಯಾಕೆಂದರೆ ಅವರಲ್ಲಿ ಮೂರ್ತಿ, ವಸ್ತು ಪೂಜೆ ನಿಷಿದ್ಧ. ಅವರು ಮತ್ತೆ ಬಂದು ಶಲೋಮ್ ಅಂದಾಗ ನೀವೂ ‘ಶಲೋಮ್’ ಅನ್ನಿ, ಇಲ್ಲವೇ ಕೈಮುಗಿದು ನಮಸ್ಕಾರ ಅನ್ನಿ. ಎರಡೂ ಸರಿ.

‘ಸಮಾಧಾನ’ ಅಂದೆನಲ್ಲ, ಕೊನೆಯದಾಗಿ ಆ ಪದದ ಬಗ್ಗೆ ಒಂದು ಮಾತು. ಕನ್ನಡ ಬೈಬಲ್ಲಿನಲ್ಲಿ ಶಲೋಮ್ ಎಂಬುದಕ್ಕೆ ಅನೇಕ ಕಡೆ ಸಮಾಧಾನ ಎಂದು ಬರೆದಿದ್ದಾರೆ. ಅಳುವವರನ್ನು ಸುಮ್ಮನಾಗಿಸುವುದಕ್ಕೆ ನಾವು ಆ ಪದ ಬಳಸುತ್ತೇವೆ, ‘ಸಮಾಧಾನ ಮಾಡ್ಕೊಳ್ಳಿ’ ಅಂತೀವಿ. ಬಿಡಿಸಿ ನೋಡಿದರೆ ಸಮ್, ಆ, ಧಾನ. ಚೆದುರಿದ್ದನ್ನು ತಂದು ಒಟ್ಟಿಗೆ ಇಡುವುದು. ಸುಮ್ಮನಾಗುವುದು ಅದರ ಫಲ, ಒಟ್ಟಿಗೆ ಇಡುವುದು ಅದರ ಕೆಲಸ. ಶಲೋಮ್ ಎಂಬ ಪದವನ್ನು ಕನ್ನಡಕ್ಕೆ ತಂದವರು ಸರಿಯಾದ ಪದವನ್ನೇ ಹುಡುಕಿದ್ದರು.

ಆದ್ದರಿಂದ ತಾಯಿ, ಫಲಕಕ್ಕೆ ಮುಹೂರ್ತ ಬೇರೆ ನೋಡಬೇಕಾಗಿಲ್ಲ. ನಿಮ್ಮ ಯಜಮಾನರು ಅಣ್ಣನ ಮನೆಯಿಂದ ಹಿಂತಿರುಗಿ ಬಂದ ದಿನ ಗೋಡೆಗೆ ಮೊಳೆ ಹೊಡೆಯಿರಿ. ಅಣ್ಣನವರು ಮುಂದಿನ ಸಲ ಬಂದು, ಹೊರಡುವಾಗ ಹೊಸ್ತಿಲ ಹತ್ತಿರ ‘ಬರ್ತೀನಮ್ಮ’ ಅಂದರೆ, ಆ ಫಲಕದ ಅರ್ಥ ನಿಮ್ಮ ಮನೆಗೆ ಬಂತು ಎಂದು ತಿಳಿಯಿರಿ.

ಸ್ವಸ್ತಿ.